ಒಂದು ಡ್ಯಾಶ್, ಆರು ಕೋಣೆ: ಸೂಚನೆಯ ಫಲಕವಿಲ್ಲದೆ ಆಟ ಕಲಿಸುವ ಬಗೆ

ಹೊಸ ಆಟ ತೆರೆದ ಕೂಡಲೇ ತೆರೆಯ ಮೇಲೆ ಐದು ಸಾಲಿನ ಸೂಚನೆ ಬಂದರೆ ಹೆಚ್ಚಿನವರು ಓದುವುದಿಲ್ಲ, ಒತ್ತಿ ದಾಟಿಸುತ್ತಾರೆ. ಓದಿದವರೂ ಎರಡು ನಿಮಿಷದಲ್ಲಿ ಮರೆಯುತ್ತಾರೆ, ಏಕೆಂದರೆ ಓದುವ ಹೊತ್ತಿಗೆ ಆ ಮಾತು ಅವರಿಗೆ ಬೇಕಾಗಿರಲಿಲ್ಲ. ಸೂಚನೆ ತೆಗೆದುಹಾಕುವುದೇನೋ ಸುಲಭ. ಅದು ಮಾಡುತ್ತಿದ್ದ ಕೆಲಸವನ್ನು ಹಂತದ ನೆಲ, ಗೋಡೆ, ಕಂದಕಗಳಿಗೆ ಹೊರಿಸುವುದು ಕಷ್ಟ. ಅದನ್ನು ಮಾಡುವ ಕ್ರಮ ಇಲ್ಲಿದೆ. ಉದಾಹರಣೆಗೆ ಒಂದೇ ಒಂದು ಮೆಕ್ಯಾನಿಕ್ ತೆಗೆದುಕೊಂಡಿದ್ದೇವೆ: 2ಡಿ ಪ್ಲಾಟ್‌ಫಾರ್ಮರ್‌ನಲ್ಲಿ ಗಾಳಿಯಲ್ಲಿದ್ದಾಗಲೇ ಮುಂದಕ್ಕೆ ಚಿಮ್ಮುವ ಡ್ಯಾಶ್.

ಇಡೀ ವಿಧಾನ ನಿಂತಿರುವುದು ಒಂದು ನಿಯಮದ ಮೇಲೆ. ಆಟಗಾರನಿಗೆ ಕಷ್ಟವಾಗುವುದು ಎರಡು ಕಾರಣಕ್ಕೆ: ಏನು ಮಾಡಬೇಕೆಂದು ತಿಳಿಯದೆ, ಅಥವಾ ತಿಳಿದಿದ್ದರೂ ಕೈ ಓಡದೆ. ಒಂದು ಕೋಣೆ ಇವೆರಡರಲ್ಲಿ ಒಂದನ್ನು ಮಾತ್ರ ಹೆಚ್ಚಿಸಬೇಕು. ಹೊಸ ತಿಳಿವಳಿಕೆ ಕೇಳುವ ಕೋಣೆಯಲ್ಲಿ ಕೈಗೆ ಕೆಲಸ ಸುಲಭವಿರಲಿ, ಬಿದ್ದರೆ ಸಾವು ಇಲ್ಲದಿರಲಿ. ಕೈಚಳಕ ಕೇಳುವ ಕೋಣೆಯಲ್ಲಿ ಹೊಸದೇನೂ ಇಲ್ಲದಿರಲಿ. ಎರಡನ್ನೂ ಒಟ್ಟಿಗೆ ಏರಿಸಿದ ಕೋಣೆಯಲ್ಲಿ ಸತ್ತವನಿಗೆ ತಾನು ಮಾಡಿದ ಉಪಾಯ ತಪ್ಪೋ, ಉಪಾಯ ಸರಿಯಿದ್ದು ಬಟನ್ ಒತ್ತಿದ ಹೊತ್ತು ತಪ್ಪೋ ಗೊತ್ತಾಗುವುದಿಲ್ಲ. ಸರಿಯಾದ ಉಪಾಯವನ್ನೇ ಕೈಬಿಟ್ಟು ಬೇರೇನೋ ಹುಡುಕತೊಡಗುತ್ತಾನೆ. ಸೂಚನೆಯ ಫಲಕ ಹಾಕಬೇಕೆಂಬ ಒತ್ತಡ ಹುಟ್ಟುವುದೂ ಇಂಥ ಕೋಣೆಗಳಿಂದಲೇ.

## ಮೊದಲು ಜಿಗಿತವನ್ನು ಅಳೆಯಿರಿ

ಕೋಣೆ ಬಿಡಿಸಲು ಕೂರುವ ಮೊದಲು ಪಾತ್ರದ ಚಲನೆಯ ಅಂಕಿಗಳನ್ನು ಗಟ್ಟಿ ಮಾಡಿಕೊಳ್ಳಿ. ಆಮೇಲೆ ಅವನ್ನು ಬದಲಿಸಿದರೆ ಕಟ್ಟಿದ ಕೋಣೆಗಳೆಲ್ಲ ಹಾಳು. ನಮ್ಮ ಉದಾಹರಣೆಯ ಲೆಕ್ಕ ಹೀಗಿದೆ. ತೆರೆ 320×180 ಪಿಕ್ಸೆಲ್, ಒಂದು ಟೈಲ್ 16 ಪಿಕ್ಸೆಲ್, ಅಂದರೆ ಅಡ್ಡಕ್ಕೆ 20 ಟೈಲ್. ಓಟದ ವೇಗ ಸೆಕೆಂಡಿಗೆ 100 ಪಿಕ್ಸೆಲ್. ಬಟನ್ ಒತ್ತಿ ಹಿಡಿದರೆ ಜಿಗಿತದ ಎತ್ತರ 52 ಪಿಕ್ಸೆಲ್, ತುದಿ ಮುಟ್ಟಲು 0.36 ಸೆಕೆಂಡ್. ಇವೆರಡರಿಂದ ಗುರುತ್ವ ಮತ್ತು ಆರಂಭಿಕ ವೇಗ ಸಿಗುತ್ತವೆ:

```
g  = 2h / t²  = 104 / 0.1296 ≈ 802
v0 = g × t    ≈ 289
```

ಹೋಗಿ ಇಳಿಯಲು ಒಟ್ಟು 0.72 ಸೆಕೆಂಡ್, ಅಷ್ಟರಲ್ಲಿ ಮುಂದೆ ಸಾಗುವುದು 72 ಪಿಕ್ಸೆಲ್. ಆದರೆ ದಾಟಬಲ್ಲ ಕಂದಕ 72 ಅಲ್ಲ. ಪಾತ್ರದ ಹಿಟ್‌ಬಾಕ್ಸ್, ಅಂದರೆ ನೆಲ ಗೋಡೆಗೆ ತಾಗಿತೇ ಎಂದು ಆಟ ಲೆಕ್ಕ ಹಾಕುವ ಚೌಕ, 8 ಪಿಕ್ಸೆಲ್ ಅಗಲವಿದ್ದರೆ ಹಿಂಗಾಲಿನ ಅಂಚು ಈಚೆ ದಡದಲ್ಲಿರುವಾಗ ಜಿಗಿದು, ಮುಂಗಾಲಿನ ಅಂಚು ಆಚೆ ದಡ ತಾಗುವಾಗ ಇಳಿಯಬಹುದು. ಹಾಗಾಗಿ 80. ಇದರ ಮೇಲೆ ಕೊಯೋಟಿ ಟೈಮ್ ಇದೆ. ದಡ ಬಿಟ್ಟ ಮೇಲೂ ಒಂದು ಕ್ಷಣ ಜಿಗಿಯಲು ಬಿಡುವ ಈ ರಿಯಾಯಿತಿ ಇಂದಿನ ಬಹುತೇಕ ಪ್ಲಾಟ್‌ಫಾರ್ಮರ್‌ಗಳಲ್ಲಿದೆ. 2018ರ ಸೆಲೆಸ್ಟ್ ಆಟದ ಪಾತ್ರದ ಕೋಡನ್ನು ತಯಾರಕರೇ ಹೊರಗಿಟ್ಟಿದ್ದಾರೆ. ಅದರಲ್ಲಿ `JumpGraceTime` 0.1 ಸೆಕೆಂಡ್. ಅಷ್ಟನ್ನೇ ನಾವೂ ಇಟ್ಟುಕೊಂಡರೆ ಇನ್ನೂ 10 ಪಿಕ್ಸೆಲ್ ಸೇರಿ, ಡ್ಯಾಶ್ ಇಲ್ಲದೆ ದಾಟಬಲ್ಲ ಕಟ್ಟಕಡೆಯ ಅಗಲ 90 ಪಿಕ್ಸೆಲ್ ಆಗುತ್ತದೆ, ಅಂದರೆ ಐದೂವರೆ ಟೈಲ್‌ಗಿಂತ ಸ್ವಲ್ಪ ಹೆಚ್ಚು.

ಈ 90 ಎಂಬ ಸಂಖ್ಯೆ ತಿಳಿಯದೆ ಡ್ಯಾಶ್ ಕಲಿಸುವ ಕೋಣೆ ಬಿಡಿಸಿದವರು ಸಾಮಾನ್ಯವಾಗಿ 5 ಟೈಲ್ ಕಂದಕ ಹಾಕುತ್ತಾರೆ. 'ಜಿಗಿತ ನಾಲ್ಕೂವರೆ ಟೈಲ್, ಐದು ದಾಟಲು ಆಗುವುದಿಲ್ಲ' ಎಂಬ ಲೆಕ್ಕ. ಆದರೆ 5 ಟೈಲ್ ಎಂದರೆ 80 ಪಿಕ್ಸೆಲ್. ಹತ್ತು ಜನರಲ್ಲಿ ಒಬ್ಬಿಬ್ಬರು ಅಂಚಿಗೆ ಬಂದು ಜಿಗಿದು ದಾಟಿಬಿಡುತ್ತಾರೆ, ಡ್ಯಾಶ್ ಇದೆಯೆಂದೇ ತಿಳಿಯದೆ ಮುಂದೆ ಹೋಗುತ್ತಾರೆ. ಎರಡು ಕೋಣೆ ಆಚೆ ಅವರು ಸಿಕ್ಕಿಕೊಂಡಾಗ ಕಾರಣ ಇಲ್ಲಿದೆ ಎಂದು ಯಾರಿಗೂ ಹೊಳೆಯುವುದಿಲ್ಲ. 6 ಟೈಲ್ ಹಾಕಿದರೆ ಇನ್ನೊಂದು ತೊಂದರೆ. 96 ಪಿಕ್ಸೆಲ್ ಜಿಗಿತಕ್ಕೆ ಸಿಗದು, ಆದರೆ ಕೂದಲೆಳೆಯಲ್ಲಿ ತಪ್ಪಿದಂತೆ ಕಾಣುತ್ತದೆ. 'ಇನ್ನೊಂಚೂರು ತಡವಾಗಿ ಜಿಗಿದರೆ ಆಗುತ್ತೆ' ಎಂದುಕೊಂಡು ಆಟಗಾರ ಇಪ್ಪತ್ತು ಸಲ ಅದನ್ನೇ ಮಾಡುತ್ತಾನೆ. ದಾಟಲಾಗದ ಕಂದಕ ಕಣ್ಣಿಗೇ ದಾಟಲಾಗದಂತೆ ಕಾಣಬೇಕು. ನಮ್ಮ ಅಳತೆಯಲ್ಲಿ ಅದು 7 ಟೈಲ್, 112 ಪಿಕ್ಸೆಲ್.

## ಡ್ಯಾಶ್ ಎಷ್ಟು ಉದ್ದವಿರಬೇಕು

7 ಟೈಲ್ ಕಂದಕ ಡ್ಯಾಶ್ ಇಲ್ಲದವನಿಗೆ ಅಸಾಧ್ಯವಾಗಿದ್ದರೆ ಸಾಲದು, ಡ್ಯಾಶ್ ಇದ್ದವನಿಗೆ ಸಲೀಸೂ ಆಗಬೇಕು. ಇವೆರಡೂ ಕೂಡಿಬರುವುದು ಡ್ಯಾಶ್ ಸಾಕಷ್ಟು ಉದ್ದವಿದ್ದಾಗ ಮಾತ್ರ.

ಡ್ಯಾಶ್ 40 ಪಿಕ್ಸೆಲ್ ಎಂದುಕೊಳ್ಳಿ. ಜಿಗಿತ ಸೇರಿ 80 + 40 = 120. 112ರ ಕಂದಕಕ್ಕೆ ಉಳಿಯುವ ಸಡಿಲ 8 ಪಿಕ್ಸೆಲ್, ಕೊಯೋಟಿ ಸೇರಿ 18. ಅಂದರೆ 0.18 ಸೆಕೆಂಡಿನೊಳಗೆ ಜಿಗಿಯಬೇಕು. ಮೊದಲ ಸಲ ಡ್ಯಾಶ್ ಒತ್ತುತ್ತಿರುವವನಿಗೆ ಇದು ತೀರ ಬಿಗಿ. ಕಂದಕವನ್ನು 6 ಟೈಲ್‌ಗೆ ಇಳಿಸಿದರೆ ಮತ್ತೆ ಆ ಕೂದಲೆಳೆಯ ಮೋಸ. ನಡುವೆ ಜಾಗವೇ ಇಲ್ಲ. ಇಂಥ ಡ್ಯಾಶನ್ನು ಅಗಲದ ಕಂದಕದಿಂದ ಕಲಿಸಲು ಬರುವುದಿಲ್ಲ. ಎಷ್ಟೇ ಚಂದದ ಕೋಣೆ ಕಟ್ಟಿದರೂ ಕೊನೆಗೆ ಫಲಕವೇ ಗತಿ.

64 ಪಿಕ್ಸೆಲ್ ಮಾಡಿ: ಸೆಕೆಂಡಿಗೆ 320ರ ವೇಗ, 0.2 ಸೆಕೆಂಡ್. ಡ್ಯಾಶ್ ನಡೆಯುವಾಗ ಗುರುತ್ವ ನಿಂತಿರಲಿ, ಮುಗಿದ ಮೇಲೆ ಮೊದಲಿದ್ದ ಲಂಬ ವೇಗವೇ ಮರಳಲಿ. ಆಗ ಎಲ್ಲಿ ಒತ್ತಿದರೂ ಸಿಗುವ ಲಾಭ ಸರಿಯಾಗಿ 4 ಟೈಲ್. ಒಟ್ಟು 144, ಅಂದರೆ 9 ಟೈಲ್. ಡ್ಯಾಶ್ ಹೊತ್ತಿಗೆ ಲಂಬ ವೇಗವನ್ನು ಶೂನ್ಯ ಮಾಡುವ ಪದ್ಧತಿಯೂ ಇದೆ, ಕೈಗೆ ಅದು ಹೆಚ್ಚು ಹಿತ ಅನ್ನಿಸುವುದೂ ಉಂಟು. ಆದರೆ ಆಗ ಇಳಿಯುವಾಗ ಒತ್ತಿದವನು ತುದಿಯಲ್ಲಿ ಒತ್ತಿದವನಿಗಿಂತ ಹೆಚ್ಚು ದೂರ ಹೋಗುತ್ತಾನೆ. ನಮ್ಮ ಅಂಕಿಗಳಲ್ಲಿ ಆ ವ್ಯತ್ಯಾಸ ಸುಮಾರು 15 ಪಿಕ್ಸೆಲ್, ಹತ್ತಿರಹತ್ತಿರ ಒಂದು ಟೈಲ್. ಆ ದಾರಿ ಹಿಡಿದರೆ ಕೆಳಗಿನ ಲೆಕ್ಕವನ್ನೆಲ್ಲ ಹೊಸದಾಗಿ ಹಾಕಿಕೊಳ್ಳಿ.

ಈಗ ಕಷ್ಟವನ್ನು ಅಂದಾಜಿನಲ್ಲಿ ಹೇಳುವ ಅಗತ್ಯವಿಲ್ಲ, ಸೆಕೆಂಡಿನಲ್ಲೇ ಹೇಳಬಹುದು. ದಾಟಬಲ್ಲ ಗರಿಷ್ಠದಿಂದ ಕಂದಕದ ಅಗಲ ಕಳೆದು, ಕೊಯೋಟಿಯ 10 ಕೂಡಿಸಿ, ಓಟದ ವೇಗದಿಂದ ಭಾಗಿಸಿ. ಬರುವುದು ಜಿಗಿಯಲು ಸಿಗುವ ಸಮಯದ ಕಿಟಕಿ.

| ಡ್ಯಾಶ್ ಇಲ್ಲದೆ | ಡ್ಯಾಶ್ ಜೊತೆ | ಕಿಟಕಿ |
|---|---|---|
| 3 ಟೈಲ್ | 7 ಟೈಲ್ | 0.42 ಸೆ. |
| 4 ಟೈಲ್ | 8 ಟೈಲ್ | 0.26 ಸೆ. |
| 5 ಟೈಲ್ | 9 ಟೈಲ್ | 0.10 ಸೆ. |

ಡ್ಯಾಶ್ ಸರಿಯಾಗಿ 4 ಟೈಲ್ ಇರುವುದರಿಂದ ಮೊದಲ ಎರಡು ಅಂಕಣಗಳೂ ಜೋಡಿಯಾಗಿ ಕೂತಿವೆ. ಇದು ವಿನ್ಯಾಸಕನಿಗೆ ದೊಡ್ಡ ಅನುಕೂಲ, 7 ಟೈಲ್ ನೋಡಿದ ಕೂಡಲೇ 'ಇದು ಮೂರರಷ್ಟು ಸುಲಭ' ಎಂದು ಗೊತ್ತಾಗುತ್ತದೆ. ಇದೇ ನಿಮ್ಮ ಕಷ್ಟದ ರೇಖೆಯ ಲಂಬ ಅಕ್ಷ. 0.10ರ ಸಾಲನ್ನು ಮುಖ್ಯ ದಾರಿಗೆ ತರಬೇಡಿ. ಅದು ಪಕ್ಕದ ದಾರಿಯಲ್ಲಿ, ಬೇಕಾದವರು ಮಾತ್ರ ಹಿಡಿಯುವ ನಾಣ್ಯಕ್ಕೆ ಇರಲಿ.

ಒಂದು ಎಚ್ಚರಿಕೆ. ಈ ಲೆಕ್ಕವೆಲ್ಲ ಜಿಗಿತದ ಬಟನ್ ಪೂರ್ತಿ ಒತ್ತಿ ಹಿಡಿದವನದು. ತಟ್ಟಿ ಬಿಟ್ಟರೆ ಗಿಡ್ಡ ಜಿಗಿತ ಬರುವ ಆಟವಾದರೆ, ಹೊಸಬರು ತಟ್ಟಿಯೇ ಬಿಡುತ್ತಾರೆ. ಡ್ಯಾಶ್ ಬರುವ ಮೊದಲೇ 3 ಟೈಲ್ ಎತ್ತರದ ಕಟ್ಟೆಯೊಂದನ್ನು ದಾರಿಗೆ ಅಡ್ಡ ಇಡಿ. 52ರ ಜಿಗಿತಕ್ಕೆ 48ರ ಕಟ್ಟೆ, ಒತ್ತಿ ಹಿಡಿಯದವನಿಗೆ ಹತ್ತಲು ಆಗದು. ಆ ಕಟ್ಟೆ ದಾಟಿದವನು ಮಾತ್ರ ಮುಂದೆ ಬರುತ್ತಾನೆ.

## ಕೋಣೆ 1: ಬೇಕು ಅನ್ನಿಸಬೇಕು

ಉಪಕರಣ ಕೈಗೆ ಬರುವ ಮೊದಲೇ ಅದಿಲ್ಲದ ಕೊರತೆ ತಿಳಿದಿರಬೇಕು. ಈಚೆ ದಡ 6 ಟೈಲ್, ಕಂದಕ 7, ಆಚೆ ದಡ 7, ಒಟ್ಟು 20. ಇಡೀ ಪ್ರಶ್ನೆ ಒಂದೇ ತೆರೆಯಲ್ಲಿ ಕಾಣುತ್ತದೆ. ಆಚೆ ದಡದ ಮೇಲೆ ಹೊಳೆಯುವ ಬಾಗಿಲು. ಆಟಗಾರ ಓಡಿಬಂದು ಜಿಗಿಯುತ್ತಾನೆ, ಎರಡು ಟೈಲ್ ಇರುವಾಗಲೇ ಕೆಳಗೆ ಬೀಳುತ್ತಾನೆ. ಸಾಯುವುದಿಲ್ಲ. ಕೆಳಗೆ ಸುರಂಗವಿದೆ, ಅದು ಬಲಕ್ಕೇ ಸಾಗುತ್ತದೆ, ಅದರಲ್ಲೇ ಡ್ಯಾಶ್ ಇದೆ.

ಬೀಳುವುದೇ ಇಲ್ಲಿ ಮುಂದಿನ ದಾರಿ. ಅದಕ್ಕೇ ಕಂದಕದ ತಳ ಕಪ್ಪಾಗಿರಬಾರದು. ಕೆಳಗಿನ ನೆಲದ ಒಂದಿಷ್ಟು ಭಾಗ, ಒಂದು ದೀಪದ ಬೆಳಕು ಮೇಲಿನಿಂದಲೇ ಕಾಣಲಿ. ಇಲ್ಲದಿದ್ದರೆ ಎಚ್ಚರಿಕೆಯ ಸ್ವಭಾವದವರು ಜಿಗಿಯದೆ ದಡದಲ್ಲೇ ನಿಂತು ಬೇರೆ ದಾರಿ ಹುಡುಕುತ್ತಾರೆ.

## ಕೋಣೆ 2: ಬಾಗಿಲು

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಕೋಣೆ ಇದು. ಡ್ಯಾಶ್ ಮಾಡದೆ ಹೊರಹೋಗಲು ಆಗಬಾರದು, ಡ್ಯಾಶ್ ಬಿಟ್ಟು ಬೇರೆ ಯಾವ ಪ್ರಯೋಗಕ್ಕೂ ಆಸೆ ಹುಟ್ಟಬಾರದು. 1993ರ ಮೆಗಾ ಮ್ಯಾನ್ ಎಕ್ಸ್ ಆಟದ ಮೊದಲ ಹಂತದಲ್ಲಿ ರಸ್ತೆ ಕುಸಿದು ಆಟಗಾರ ಗುಂಡಿಗೆ ಬೀಳುತ್ತಾನೆ, ಗೋಡೆಗೆ ಕಾಲು ಕೊಟ್ಟು ಜಿಗಿಯುತ್ತ ಹತ್ತದೆ ಹೊರಬರಲಾರ. ಒಂದು ಅಕ್ಷರವನ್ನೂ ಬರೆಯದೆ ಗೋಡೆ ಜಿಗಿತ ಕಲಿಸಿದ್ದಾರೆ. ನಾವು ಕಟ್ಟುವುದೂ ಅಂಥ ಗುಂಡಿಯನ್ನೇ.

ಸುರಂಗದಲ್ಲಿ 2 ಟೈಲ್ ಎತ್ತರದ ಇಕ್ಕಟ್ಟಿನ ಜಾಗದಲ್ಲಿ ಡ್ಯಾಶ್ ಇಡಿ, ಅದನ್ನು ತೆಗೆದುಕೊಳ್ಳದೆ ದಾಟಲು ಸಾಧ್ಯವಿಲ್ಲದಂತೆ. ತೆಗೆದುಕೊಂಡ ಕೂಡಲೇ 5 ಟೈಲ್ ಕೆಳಕ್ಕೆ ನೇರ ಇಳಿತ. ಜಿಗಿತದ ಎತ್ತರ ಮೂರೂಕಾಲು ಟೈಲ್ ಆದ್ದರಿಂದ ಹಿಂದಕ್ಕೆ ಹೋಗುವ ದಾರಿ ಮುಚ್ಚಿತು. ಬಾಗಿಲು ಹಾಕಿಕೊಳ್ಳುವ ದೃಶ್ಯ, ಕ್ಯಾಮೆರಾ ನಡುಕ ಯಾವುದೂ ಬೇಕಿಲ್ಲ. ಎದುರಿಗೆ 7 ಟೈಲ್ ಕಂದಕ, ಅದರ ತಳ 4 ಟೈಲ್ ಆಳದಲ್ಲಿ, ಮುಳ್ಳಿಲ್ಲ.

ಬಿದ್ದವನು ಮತ್ತೆ ಈಚೆ ದಡಕ್ಕೆ ಹತ್ತಬೇಕಲ್ಲ, ಅಲ್ಲಿ ಹೆಚ್ಚಿನವರು ಎಡವುತ್ತಾರೆ. ಮೆಟ್ಟಿಲು ಇಡುತ್ತಾರೆ. ಮೆಟ್ಟಿಲು ಕಂದಕದೊಳಕ್ಕೆ ಚಾಚುತ್ತದೆ, ಮೇಲಿನ ಮೆಟ್ಟಿಲ ತುದಿಯಿಂದ ಆಚೆ ದಡ 7 ಟೈಲ್ ಅಲ್ಲ, 5 ಟೈಲ್ ಮಾತ್ರ. ಎರಡನೇ ಪ್ರಯತ್ನದಲ್ಲೇ ಯಾರೋ ಅಲ್ಲಿಂದ ಜಿಗಿದು ದಾಟುತ್ತಾರೆ, ಪಾಠ ಸೋರಿಹೋಗುತ್ತದೆ. ಈಚೆ ಗೋಡೆಗೆ ಒರಗಿದ ಏಣಿ ಇಡಿ. ಬಿದ್ದಲ್ಲಿಂದ ಮತ್ತೆ ಜಿಗಿಯಲು ನಿಲ್ಲುವಷ್ಟರಲ್ಲಿ ಮೂರು ಸೆಕೆಂಡ್ ಮೀರಬಾರದು, ಮೀರಿದರೆ ಏಣಿಯನ್ನು ಹತ್ತುವ ವೇಗ ಹೆಚ್ಚಿಸಿ.

ಯಾವ ಬಟನ್ ಎಂದು ಹೇಗೆ ತಿಳಿಯಬೇಕು? ನಮ್ಮ ಅಭಿಪ್ರಾಯ ನೇರವಾಗಿದೆ: ಬಟನ್ನಿನ ಚಿತ್ರ ತೋರಿಸಿ. ಅದನ್ನೂ ಬಚ್ಚಿಟ್ಟು ಆಟಗಾರ ಕೀಬೋರ್ಡಿನ ಕೀಲಿಗಳನ್ನೆಲ್ಲ ಒತ್ತಿ ನೋಡುವಂತೆ ಮಾಡುವುದು ವಿನ್ಯಾಸವಲ್ಲ, ಹಟ. ಆದರೆ ಚಿತ್ರ ಇರಬೇಕಾದ ಜಾಗ ತೆರೆಯ ನಡುವಿನ ಪೆಟ್ಟಿಗೆಯಲ್ಲ. ಆಟಗಾರ ಡ್ಯಾಶ್ ಒತ್ತಬೇಕಾದ ಜಾಗದ ಹಿಂದಿನ ಗೋಡೆಯ ಮೇಲೆ, ಕಂದಕದ ನಡುವೆ, ನೆಲದಿಂದ ಮೂರು ಟೈಲ್ ಎತ್ತರದಲ್ಲಿ `X` ಎಂಬ ಗುರುತು, ಪಕ್ಕದಲ್ಲಿ ಬಲಕ್ಕೆ ಬಾಣ. ಹೇಗೆ, ಎಲ್ಲಿ, ಯಾವ ದಿಕ್ಕಿಗೆ ಎಂಬ ಮೂರೂ ಒಂದೇ ಗುರುತಿನಲ್ಲಿ ಬಂದವು. ಗೇಮ್‌ಪ್ಯಾಡ್ ಹಿಡಿದಿದ್ದರೆ ಅದರ ಗುರುತು ಬರುವಂತೆ ನೋಡಿಕೊಳ್ಳಿ. ಮೊಬೈಲ್ ಆಟವಾದರೆ ಡ್ಯಾಶ್ ಬಟನ್ ಈ ಕೋಣೆಯವರೆಗೆ ತೆರೆಯ ಮೇಲೆ ಇರಲೇಬಾರದು, ಡ್ಯಾಶ್ ಸಿಕ್ಕ ಕ್ಷಣದಲ್ಲಿ ಬಲ ಹೆಬ್ಬೆರಳಿನ ಬಳಿ ಮೂಡಬೇಕು. ಹೊಸದಾಗಿ ಮೂಡಿದ್ದನ್ನು ಯಾರಾದರೂ ಒತ್ತಿಯೇ ನೋಡುತ್ತಾರೆ. ಕನ್ನಡ, ತಮಿಳು, ಹಿಂದಿ ಎಂದು ಹಲವು ಭಾಷೆಯವರಿಗೆ ಆಟ ಬಿಡುವವರಿಗೆ ಇದರಿಂದ ಅನುವಾದದ ಕೆಲಸವೂ ತಪ್ಪುತ್ತದೆ.

ಬರೆಯಲೇಬೇಕಾದರೆ ಅಳತೆ ಇರಲಿ. 2009ರ ಪ್ಲಾಂಟ್ಸ್ ವರ್ಸಸ್ ಝಾಂಬೀಸ್ ಮಾಡಿದ ಜಾರ್ಜ್ ಫ್ಯಾನ್ ಒಂದು ಬಾರಿಗೆ ತೆರೆಯ ಮೇಲೆ ಗರಿಷ್ಠ ಎಂಟು ಪದ ಎಂಬ ಮಿತಿ ಹಾಕಿಕೊಂಡಿದ್ದರು. ಅದೇ ಆಟ ಮೊದಲ ಹಂತದಲ್ಲಿ ಒಂದೇ ಸಾಲು ಹುಲ್ಲುಹಾಸು ಕೊಟ್ಟು, ಆಮೇಲೆ ಮೂರು, ಆಮೇಲೆ ಐದು ಸಾಲು ಬಿಚ್ಚಿತು. ಪದ ಕಡಿಮೆ ಮಾಡಲು ಸಾಧ್ಯವಾದದ್ದೇ ಹಾಗೆ, ತಪ್ಪು ಮಾಡುವ ಜಾಗವನ್ನೇ ಕಡಿಮೆ ಮಾಡಿದ್ದರಿಂದ.

ಈ ಕೋಣೆಯ ಬಾಗಿಲು ಎಲ್ಲಿಗೆ ತೆರೆಯಬೇಕೆಂದರೆ ಕೋಣೆ 1ರ ಈಚೆ ದಡಕ್ಕೆ. ಮೊದಲು ತನ್ನನ್ನು ಸೋಲಿಸಿದ ಅದೇ ಕಂದಕವನ್ನು ಆಟಗಾರ ಅದೇ ಡ್ಯಾಶ್‌ನಿಂದ ದಾಟುತ್ತಾನೆ. ಗೋಡೆಯ ಮೇಲೆ ಈ ಸಲ ಗುರುತಿಲ್ಲ. ನೆನಪಿನಿಂದ ಒತ್ತಿದ ಮೊದಲ ಡ್ಯಾಶ್ ಇದು, ಕಲಿತದ್ದು ಇಲ್ಲಿ ಗಟ್ಟಿಯಾಗುತ್ತದೆ.

## ಕೋಣೆ 3: ಅದೇ ಕಂದಕ, ಕೆಳಗೆ ಮುಳ್ಳು

ಅಗಲ ಬದಲಿಸಬೇಡಿ. ಮತ್ತೆ 7 ಟೈಲ್, ಮತ್ತೆ 0.42 ಸೆಕೆಂಡ್. ಬದಲಾದದ್ದು ಬಿದ್ದರೆ ಏನಾಗುತ್ತದೆ ಎಂಬುದಷ್ಟೇ. 1985ರ ಸೂಪರ್ ಮಾರಿಯೊ ಬ್ರದರ್ಸ್‌ನ 1-1ರಲ್ಲಿ ಈ ಉಪಾಯವನ್ನು ಈಗಲೂ ನೋಡಬಹುದು. ಹಂತದ ಕೊನೆಕೊನೆಗೆ ಎದುರುಬದುರಾಗಿ ಎರಡು ಮೆಟ್ಟಿಲು ಸಾಲು, ನಡುವೆ ಗಟ್ಟಿ ನೆಲ. ಬಿದ್ದರೆ ಏನೂ ಆಗದು. ಸ್ವಲ್ಪ ಮುಂದೆ ಅಂಥದ್ದೇ ಜೋಡಿ, ಈ ಸಲ ನಡುವೆ ನೆಲವಿಲ್ಲ.

ಕೋಣೆಯ ಬಾಗಿಲಲ್ಲೇ ಚೆಕ್‌ಪಾಯಿಂಟ್ ಇರಲಿ, ಸತ್ತು ಮತ್ತೆ ಓಡತೊಡಗಲು ಒಂದು ಸೆಕೆಂಡ್ ಸಾಕು. 'ಮತ್ತೆ ಆಡುವಿರಾ' ಎಂದು ಕೇಳುವ ಪರದೆ ಇದ್ದರೆ ಈ ಕೋಣೆ ಕಲಿಸುವ ಬದಲು ದಂಡಿಸುತ್ತದೆ.

## ಕೋಣೆ 4: ನಡುಗಡ್ಡೆ

ಗಾಳಿಯಲ್ಲಿ ಒಂದೇ ಡ್ಯಾಶ್, ನೆಲ ಮುಟ್ಟಿದರೆ ಮತ್ತೆ ಸಿಗುತ್ತದೆ. ಈ ನಿಯಮ ಹೊಸದು, ಹಾಗಾಗಿ ಮುಳ್ಳು ತೆಗೆಯಿರಿ. ಈಚೆ ದಡ 2 ಟೈಲ್, ಕಂದಕ 7, ನಡುಗಡ್ಡೆ 3, ಮತ್ತೆ 7, ಆಚೆ ದಡ 1. ನಡುಗಡ್ಡೆಯನ್ನು 2 ಟೈಲ್‌ಗೆ ಇಳಿಸುವ ಆಸೆ ಆಗುತ್ತದೆ, ಬೇಡ. ತಡವಾಗಿ ಜಿಗಿದು ಪೂರ್ತಿ ಡ್ಯಾಶ್ ಮಾಡಿದವನ ಹಿಂಗಾಲು ಈಚೆ ದಡದ ಅಂಚಿನಿಂದ 146ನೇ ಪಿಕ್ಸೆಲ್ ತಲುಪುತ್ತದೆ, 2 ಟೈಲ್ ನಡುಗಡ್ಡೆ 144ಕ್ಕೇ ಮುಗಿಯುತ್ತದೆ. ಚೆನ್ನಾಗಿ ಜಿಗಿದವನೇ ದಾಟಿ ಬೀಳುತ್ತಾನೆ. ಈಚೆ ದಡ ಗಿಡ್ಡವಿರುವುದರಿಂದ ಆಟಗಾರ ಓಡುತ್ತ ಒಳಬರುವಂತಿರಬಾರದು, ಮೇಲಿನಿಂದ ಇಳಿದು ಬರಲಿ.

ಡ್ಯಾಶ್ ಖರ್ಚಾಗಿದೆ ಎಂಬುದು ಪಾತ್ರದ ಮೈಮೇಲೇ ಕಾಣಬೇಕು. ಸೆಲೆಸ್ಟ್‌ನಲ್ಲಿ ಡ್ಯಾಶ್ ಮುಗಿದಾಗ ನಾಯಕಿಯ ಕೆಂಪು ಕೂದಲು ನೀಲಿಯಾಗುತ್ತದೆ, ನೆಲ ಮುಟ್ಟಿದಾಗ ಮತ್ತೆ ಕೆಂಪು. ಆಟಗಾರನ ಕಣ್ಣು ಹೇಗೂ ಪಾತ್ರದ ಮೇಲೇ ಇರುತ್ತದೆ. ಅದೇ ಮಾಹಿತಿಯನ್ನು ತೆರೆಯ ಮೂಲೆಯ ಪಟ್ಟಿಯಲ್ಲಿ ಇಟ್ಟರೆ ಜಿಗಿಯುತ್ತಿರುವವನು ಅತ್ತ ನೋಡುವುದಿಲ್ಲ. ಬಣ್ಣದ ಜೊತೆ ಆಕಾರವೂ ಬದಲಾಗಲಿ, ಬಣ್ಣ ಗುರುತಿಸಲಾಗದವರೂ ಆಡುತ್ತಾರೆ. ಖಾಲಿ ಇರುವಾಗ ಬಟನ್ ಒತ್ತಿದರೆ ಮಂದವಾದ ಒಂದು 'ಟಕ್' ಸದ್ದು ಬರಲಿ. ಏನೂ ಆಗದಿದ್ದರೆ ಆಟಗಾರ ಬಟನ್ ಕೆಟ್ಟಿದೆ ಎಂದುಕೊಳ್ಳುತ್ತಾನೆ.

## ಕೋಣೆ 5: ತಗ್ಗಿನ ಚಾವಣಿ

ಇಲ್ಲಿ ಕಂದಕ 4 ಟೈಲ್. ಡ್ಯಾಶ್ ಸಿಗುವ ಮೊದಲೇ ಹತ್ತಾರು ಸಲ ಜಿಗಿದು ದಾಟಿದ ಅಗಲ. ಆದರೆ ನೆಲದಿಂದ 2 ಟೈಲ್ ಮೇಲೆ ಚಾವಣಿ ಇದೆ. ಪಾತ್ರದ ಎತ್ತರ 14 ಪಿಕ್ಸೆಲ್ ಆದರೆ ಜಿಗಿದಾಗ 18 ಪಿಕ್ಸೆಲ್ ಏರುವಷ್ಟರಲ್ಲಿ ತಲೆ ತಾಗಿ ಕೆಳಗಿಳಿಯುತ್ತಾನೆ. ಗಾಳಿಯಲ್ಲಿರುವ ಹೊತ್ತು 0.28 ಸೆಕೆಂಡಿಗೆ ಕುಸಿಯುತ್ತದೆ, ದಾಟಬಲ್ಲ ಅಗಲ 36 ಪಿಕ್ಸೆಲ್, ಕೊಯೋಟಿ ಸೇರಿದರೂ 46. ನಾಲ್ಕು ಟೈಲ್ ಎಂದರೆ 64. ಚಿರಪರಿಚಿತ ಕಂದಕಕ್ಕೆ ಈಗ ಡ್ಯಾಶ್ ಬೇಕು.

ಡ್ಯಾಶ್ ಹಾಕಿದರೆ 100 ಪಿಕ್ಸೆಲ್ ಸಿಗುತ್ತದೆ, ಕಿಟಕಿ 0.46 ಸೆಕೆಂಡ್. ಕೈಗೆ ಇದು ಈ ಸರಣಿಯ ಅತಿ ಸುಲಭದ ಕೋಣೆ, ತಲೆಗೆ ಅತಿ ಕಷ್ಟದ್ದು. ಅಂಚಿನಲ್ಲಿ ನಿಂತು ಜಿಗಿಯದೆ ಬರೀ ಡ್ಯಾಶ್ ಹೊಡೆದರೂ 64 + 8 = 72, ದಾಟಬಹುದು. ಅದನ್ನು ಕಂಡುಕೊಂಡವರನ್ನು ತಡೆಯಲು ಹೋಗಬೇಡಿ. ಇಲ್ಲಿಯವರೆಗೆ 'ಡ್ಯಾಶ್ ಎಂದರೆ ಜಿಗಿತದ ಬಾಲ' ಎಂದುಕೊಂಡಿದ್ದವನಿಗೆ ಅದು ತನ್ನದೇ ಆದ ಚಲನೆ ಎಂದು ತಿಳಿಯುವ ಜಾಗ ಇದೇ. ತಳದಲ್ಲಿ ಮುಳ್ಳು ಬೇಡ, ಮೊಣಕಾಲುದ್ದ ನೀರು ಸಾಕು.

## ಕೋಣೆ 6: ಪರೀಕ್ಷೆ

ಹೊಸದೇನೂ ಇಲ್ಲ, ಮುಳ್ಳು ಇದೆ. ಮೊದಲು 8 ಟೈಲ್ ಕಂದಕ, 0.26 ಸೆಕೆಂಡ್. ಆಚೆ ದಡ 3 ಟೈಲ್, ಅಲ್ಲಿಂದ ತಗ್ಗಿನ ಚಾವಣಿಯಡಿ 4 ಟೈಲ್, ಮತ್ತೆ ಬಯಲಿನಲ್ಲಿ 7. ಮೂರೇ ಅಡೆತಡೆ, ತಪ್ಪದೆ ಆಡಿದವನಿಗೆ ಹತ್ತು ಸೆಕೆಂಡಿನೊಳಗೆ ಮುಗಿಯಬೇಕು. ನಾಲ್ಕನೆಯದನ್ನು ಸೇರಿಸಬೇಕೆನ್ನಿಸಿದರೆ ನಡುವೆ ಚೆಕ್‌ಪಾಯಿಂಟ್ ಹಾಕಿ. ಬಿಗಿಯಾದ ಕಂದಕ ಮೊದಲಿರುವುದಕ್ಕೆ ಕಾರಣವಿದೆ: ಕೊನೆಯಲ್ಲಿದ್ದರೆ ಪ್ರತಿ ಸಾವಿಗೂ ಸುಲಭದ ಎರಡನ್ನು ಮತ್ತೆ ದಾಟಬೇಕು, ಕಷ್ಟದ ಬದಲು ಬೇಸರ ಹೆಚ್ಚುತ್ತದೆ.

ಇದಾದ ಮೇಲಿನ ಕೋಣೆಯಲ್ಲಿ 3 ಟೈಲ್ ಕಂದಕ ಒಂದೆರಡು ಇದ್ದರೆ ಸಾಕು. ರೇಖೆ ಏಣಿಯ ಹಾಗೆ ಒಂದೇ ಸಮ ಏರುವುದಿಲ್ಲ, ಗರಗಸದ ಹಲ್ಲಿನ ಹಾಗೆ ಏರಿ ಬಿದ್ದು ಏರುತ್ತದೆ.

## ಎಲ್ಲಿ ಕೆಟ್ಟಿದೆ ಎಂದು ತಿಳಿಯುವುದು

ಈ ಆಟವನ್ನು ಎಂದೂ ನೋಡದ ಐದು ಜನರನ್ನು ಒಬ್ಬೊಬ್ಬರಾಗಿ ಕೂರಿಸಿ. ಅದರಲ್ಲಿ ಇಬ್ಬರಾದರೂ ಪ್ಲಾಟ್‌ಫಾರ್ಮರ್ ಆಡದವರಿರಲಿ. ಬೆನ್ನ ಹಿಂದೆ ಕೂತು ಬಾಯಿ ಮುಚ್ಚಿಕೊಂಡಿರಿ. 'ಅಲ್ಲಿ ಒತ್ತಿ' ಎಂದು ಒಮ್ಮೆ ಹೇಳಿದರೆ ಆ ವ್ಯಕ್ತಿಯಿಂದ ಸಿಗುವ ಮಾಹಿತಿ ಅಲ್ಲಿಗೆ ಮುಗಿಯಿತು. ಜೊತೆಗೆ ಪ್ರತಿ ತಪ್ಪನ್ನೂ ಆಟವೇ ಬರೆದಿಟ್ಟುಕೊಳ್ಳಲಿ. ಗೊಡಾಟ್ 4 ಗೇಮ್ ಎಂಜಿನ್‌ನಲ್ಲಿ ಇಷ್ಟು ಸಾಕು:

```gdscript
const LOG := "user://miss.csv"

func log_miss(room: String, x: float, dashed: bool) -> void:
	if not FileAccess.file_exists(LOG):
		FileAccess.open(LOG, FileAccess.WRITE).close()
	var f := FileAccess.open(LOG, FileAccess.READ_WRITE)
	f.seek_end()
	f.store_line("%s,%d,%s" % [room, x, dashed])
	f.close()
```

ಇದನ್ನು ಮುಳ್ಳು ತಾಗಿದಾಗ ಕರೆಯಬೇಡಿ. ಬೀಳುತ್ತಲೂ ಪಾತ್ರ ಬಲಕ್ಕೆ ಸರಿದು ಆಚೆ ಗೋಡೆಗೆ ತಾಗಿರುತ್ತದೆ, ಎಲ್ಲ ಸಾವೂ ಒಂದೇ ಜಾಗದಲ್ಲಿ ಆದಂತೆ ಕಾಣುತ್ತವೆ. ಪಾದ ದಡದ ಮಟ್ಟಕ್ಕಿಂತ ಕೆಳಗಿಳಿದ ಮೊದಲ ಫ್ರೇಮಿನಲ್ಲಿ ಕರೆಯಿರಿ, ಹಿಟ್‌ಬಾಕ್ಸ್‌ನ ಬಲ ಅಂಚಿನ `x` ಕೊಡಿ. ಆದರೆ ದಡದಿಂದ ಸುಮ್ಮನೆ ಜಾರಿದವನಿಗೆ ಕೊಯೋಟಿ ಟೈಮ್ ಇನ್ನೂ ಉಳಿದಿರುತ್ತದೆ, ಅವನು ಆ ಹೊತ್ತಿನಲ್ಲಿ ಜಿಗಿಯಲೂಬಹುದು. ಆ 0.1 ಸೆಕೆಂಡ್ ಕಳೆದ ಮೇಲಷ್ಟೇ ಸಾಲು ಬರೆಯಿರಿ.

ಕೋಣೆ 3ರಲ್ಲಿ ಕಂದಕ 96ರಿಂದ 208ರವರೆಗೆ ಇದೆಯೆಂದುಕೊಳ್ಳಿ. ಡ್ಯಾಶ್ ಇಲ್ಲದವನ ಬಲ ಅಂಚು ದಡದ ಮಟ್ಟಕ್ಕೆ ಇಳಿಯುವಾಗ 186 ದಾಟಲಾರದು. ಹಾಗಾಗಿ ಇಂಥ ಎರಡು ಸಾಲು ಎರಡು ಬೇರೆ ರೋಗ ಹೇಳುತ್ತವೆ:

```
room3,171,false
room3,199,true
```

ಮೊದಲನೆಯವನು ಡ್ಯಾಶ್ ಒತ್ತಲೇ ಇಲ್ಲ. ಮೂರನೇ ಕೋಣೆಗೆ ಬಂದೂ ಹೀಗಾದರೆ ತಪ್ಪು ಇಲ್ಲಿಲ್ಲ, ಕೋಣೆ 2ರಲ್ಲಿ ಎಲ್ಲೋ ಸೋರಿದೆ, ಅಲ್ಲಿಗೇ ಹೋಗಿ ಹುಡುಕಿ. ಎರಡನೆಯವನಿಗೆ ಉಪಾಯ ಗೊತ್ತು. ಅವನು ಅಂಚಿಗಿಂತ ಎರಡೂವರೆ ಟೈಲ್ ಮೊದಲೇ ಜಿಗಿದಿದ್ದಾನೆ, ಅಥವಾ ಜಿಗಿತದ ಬಟನ್ ಬೇಗ ಬಿಟ್ಟಿದ್ದಾನೆ. ಇಂಥವು ಹೆಚ್ಚಾದರೆ ಕಂದಕ ಕಿರಿದು ಮಾಡುವ ಮೊದಲು ದಡದ ಅಂಚನ್ನು ನೋಡಿ. ಹುಲ್ಲು, ಬೇರು ಎಂದು ಅಲಂಕಾರ ಹೆಚ್ಚಾಗಿ ನೆಲ ಎಲ್ಲಿ ಮುಗಿಯುತ್ತದೆಂದು ಕಾಣದಿದ್ದರೆ ಜನ ಸುರಕ್ಷಿತವಾಗಿರಲೆಂದು ಮುಂಚೆಯೇ ಜಿಗಿಯುತ್ತಾರೆ. ಅಂಚಿನ ಟೈಲ್‌ಗೆ ತಿಳಿಬಣ್ಣದ ಗೆರೆ ಹಾಕಿ ಮತ್ತೆ ಆಡಿಸಿ ನೋಡಿ.

`true` ಸಾಲುಗಳಲ್ಲಿ `x` 110ರ ಆಸುಪಾಸು ಬಂದರೆ ಅದು ಬೇರೆ ಕಥೆ. ಜಿಗಿಯಲು ಒತ್ತಿದ್ದು ಆಟಕ್ಕೆ ಕೇಳಿಸಿಲ್ಲ, ಅಥವಾ ನೆಲದ ಮೇಲೇ ಡ್ಯಾಶ್ ಖರ್ಚಾಗಿ ಅಂಚಿನಾಚೆ ಜಾರಿದ್ದಾನೆ. ನೆಲ ಮುಟ್ಟುವ 0.1 ಸೆಕೆಂಡ್ ಮೊದಲು ಒತ್ತಿದ ಜಿಗಿತವನ್ನೂ ನೆನಪಿಟ್ಟುಕೊಳ್ಳುವ ಇನ್‌ಪುಟ್ ಬಫರ್ ಇದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಕೋಣೆಗಳನ್ನು ಮುಟ್ಟಬೇಡಿ, ಅದನ್ನು ಸೇರಿಸಿ.

ಲಾಗ್ ಹೇಳದ ಒಂದು ಸಂಗತಿಯನ್ನು ನೀವೇ ಗಡಿಯಾರ ಹಿಡಿದು ಬರೆದುಕೊಳ್ಳಬೇಕು: ಆಟಗಾರ ಏನೂ ಮಾಡದೆ ನಿಂತ ಹೊತ್ತು. ಕೋಣೆ 5ರಲ್ಲಿ ಹತ್ತು ಸೆಕೆಂಡ್ ನಿಂತು ಯೋಚಿಸಿದರೆ ಒಳ್ಳೆಯದೇ, ಆ ಕೋಣೆ ಇರುವುದೇ ಅದಕ್ಕೆ. ಕೋಣೆ 3ರಲ್ಲಿ ನಿಂತರೆ ಮುಳ್ಳನ್ನು ನೋಡಿ ಇದು ಬೇರೆಯೇ ಒಗಟು ಎಂದುಕೊಂಡಿದ್ದಾನೆ. ಆಗ ಹಿನ್ನೆಲೆ ಚಿತ್ರ, ದಡದ ಎತ್ತರ, ಬಾಗಿಲಿನ ಜಾಗ ಎಲ್ಲವನ್ನೂ ಕೋಣೆ 1ರ ಹಾಗೆಯೇ ಮಾಡಿ, ಮುಳ್ಳು ಒಂದೇ ವ್ಯತ್ಯಾಸವಾಗಿ ಉಳಿಯಲಿ. ಹಿಂದಿನ ಕೋಣೆಗೆ ವಾಪಸ್ ನಡೆದರೆ ಆಚೆ ಬಾಗಿಲು ಅವನ ಕಣ್ಣಿಗೇ ಬಿದ್ದಿಲ್ಲ.

ಒಂದು ಸುತ್ತಿಗೆ ಒಂದೇ ಕೋಣೆ ತಿದ್ದಿ. ತಿದ್ದಿದ ಮೇಲೆ ಮೊದಲಿನ ಐವರನ್ನೇ ಕರೆಯಬೇಡಿ, ಅವರಿಗೆ ಈಗಾಗಲೇ ಡ್ಯಾಶ್ ಬರುತ್ತದೆ.